ಐವತ್ತನಾಲ್ಕು ದಿನದ ಸಲಹೆಗಾರ

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಅನುಮಾನಮ್ಮ ಎಂದು ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಹೆಸರು ಮಾತ್ರ ರಟ್ಟಿಗೆ ಅಂಟು ಹಿಡಿದ ಹಾಗೆ ಹಿಡಿದುಬಿಟ್ಟಿತ್ತು. ಕೂಡಿದ್ದನ್ನು ಮತ್ತೆ ಕೂಡುವುದು, ಬೀಗ ಹಾಕಿದ ಕಪಾಟನ್ನು ಇನ್ನೊಮ್ಮೆ ಎಳೆದು ನೋಡುವುದು, ಕಳಿಸಿದ ಕಾಗದ ತಲುಪಿತೇ ಎಂದು ಫೋನು ಮಾಡಿ, ತಲುಪಿತು ಎಂದವರು ಸುಳ್ಳು ಹೇಳಿರಬಹುದೇ ಎಂದು ಕೊರಗುವುದು ಅವಳ ದಿನಚರಿ. ‘ಆಯಮ್ಮ ಮನೇಲಿ ಒಲೆ ಆರಿಸಿದ್ದೀನೋ ಇಲ್ಲವೋ ಅಂತ ಇಲ್ಲಿಂದಲೇ ಊದ್ತಾಳೆ’ ಎಂದು ಕಟಿಂಗ್ ವಿಭಾಗದವರು ನಗುತ್ತಿದ್ದರು. ಆದರೆ ತಿಂಗಳ ಕೊನೆಯಲ್ಲಿ ಯಾರ ಸಂಬಳದಲ್ಲೂ ಒಂದು ಪೈಸೆ ಹೆಚ್ಚುಕಡಿಮೆ ಆಗುತ್ತಿರಲಿಲ್ಲವಾದ್ದರಿಂದ ನಗು ಅಲ್ಲಿಗೇ ನಿಲ್ಲುತ್ತಿತ್ತು.

ಮ್ಯಾನೇಜರು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸದಾ ನಗುಮೊಗ. ಸಂಬಳ ಸ್ವಲ್ಪ ಹೆಚ್ಚಿಸಿ ಎಂದು ಯಾರಾದರೂ ಅವರ ಕೋಣೆಗೆ ಹೋದರೆ ಸಂಬಳದ ಬದಲು ಒಂದು ಬಿರುದು ಹೊತ್ತುಕೊಂಡು ಹೊರಗೆ ಬರುತ್ತಿದ್ದರು. ಹಾಗೆ ಗೇಟಿನ ಕಾವಲುಗಾರ ‘ಪ್ರವೇಶ ನಿರ್ವಹಣಾಧಿಕಾರಿ’ ಆಗಿದ್ದ. ಕಸ ಗುಡಿಸುವವಳು ‘ಪರಿಸರ ಸಂಯೋಜಕಿ’. ಟೆಲಿಫೋನಿನವಳಂತೂ ‘ಸಂವಹನ ವಿಭಾಗದ ಮುಖ್ಯಸ್ಥೆ’. ಆ ವಿಭಾಗದಲ್ಲಿ ಅವಳೊಬ್ಬಳೇ ಇದ್ದದ್ದರಿಂದ ಯಾರ ಮೇಲೆ ಅಧಿಕಾರ ಚಲಾಯಿಸಬೇಕೆಂದು ತಿಳಿಯದೆ ಅವಳು ಎಲ್ಲರ ಮೇಲೂ ಚಲಾಯಿಸುತ್ತಿದ್ದಳು. ಬಿರುದಿಗೆ ದುಡ್ಡು ಬೀಳುವುದಿಲ್ಲ ಎನ್ನುವುದು ಮ್ಯಾನೇಜರು ಕಂಡುಕೊಂಡ ಮಹಾಸತ್ಯ. ಇದೊಂದು ಸತ್ಯದ ಮೇಲೆ ಅವರು ಕಾರ್ಖಾನೆಯನ್ನು ನಡೆಸುತ್ತಿದ್ದರು.

ಹೀಗಿರುವಾಗ ಉಗ್ರಾಣದ ಮಾವ ರಾಜೀನಾಮೆ ಕೊಟ್ಟರು.

ಉಗ್ರಾಣ ನೋಡಿಕೊಳ್ಳುತ್ತಿದ್ದ ಅವರನ್ನು ಇಡೀ ಕಾರ್ಖಾನೆ ಮಾವ ಎಂದೇ ಕರೆಯುತ್ತಿತ್ತು. ಅಂಟಿನ ಡ್ರಮ್ಮು, ಕಾಗದದ ಉರುಳೆ, ಹೊಲಿಗೆಯ ತಂತಿ ಎಲ್ಲವನ್ನೂ ತೂಗಿ ಕೊಟ್ಟು ತೂಗಿ ತೆಗೆದುಕೊಳ್ಳುವುದರಲ್ಲಿ ಅವರ ಅರ್ಧ ಆಯುಷ್ಯ ಕಳೆದಿತ್ತು. ತಕ್ಕಡಿ ಎಂದರೆ ಅವರಿಗೆ ಪ್ರಾಣ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ತಕ್ಕಡಿ ರಿಪೇರಿಯ ಅಂಗಡಿ ಇಡಬೇಕೆಂದು ಅವರು ಒಂದು ಮಳಿಗೆ ಗೊತ್ತು ಮಾಡಿದ್ದರು. ಮುಂಗಡ ಐವತ್ತು ಸಾವಿರ. ಮುಂದಿನ ತಿಂಗಳ ಮೊದಲ ವಾರ ಕೊಡದಿದ್ದರೆ ಮೊಬೈಲಿನ ಕವರು ಮಾರುವವನೊಬ್ಬ ಮಳಿಗೆಯನ್ನು ಹಾರಿಸಿಕೊಂಡು ಹೋಗಲು ಕಾದು ನಿಂತಿದ್ದ. ಕೈಯಲ್ಲಿ ಕೂಡಿಟ್ಟ ಕಾಸಿಲ್ಲ. ಇದ್ದದ್ದು ಕೂಡಿಟ್ಟ ರಜೆ.

ರಾಜೀನಾಮೆಯ ಕಾಗದ ಬಂದ ದಿನವೇ ಮ್ಯಾನೇಜರು ಅನುಮಾನಮ್ಮನನ್ನು ಕರೆಸಿದರು.

“ಕೂತ್ಕೊಳ್ಳಿ ಕೂತ್ಕೊಳ್ಳಿ. ನಮ್ಮ ಮಾವನಿಗೆ ಹೋಗುವಾಗ ರಜೆ ಬಾಬ್ತು ಎಷ್ಟು ಕೊಡಬೇಕಾಗುತ್ತೆ?”

ಅವಳು ಕುರ್ಚಿಯ ತುದಿಯಲ್ಲಿ ಕುಳಿತಳು. “ಸರ್, ಮೂಲ ವೇತನ ಇಪ್ಪತ್ತಾರು ಸಾವಿರ. ಅದನ್ನ ಇಪ್ಪತ್ತಾರರಿಂದ ಭಾಗಿಸಿದ್ರೆ ದಿನದ ದರ ಒಂದು ಸಾವಿರ. ಗಳಿಕೆ ರಜೆ ಐವತ್ತಮೂರು ದಿನ ಉಳಿದಿದೆ. ನೋಟೀಸಿನ ಈ ತಿಂಗಳು ಪೂರ್ತಿ ಕೆಲಸಕ್ಕೆ ಬಂದ್ರೆ ಇನ್ನೊಂದು ದಿನ ಸೇರುತ್ತೆ. ಒಟ್ಟು ಐವತ್ತನಾಲ್ಕು ಸಾವಿರ.”

“ತಿಂಗಳಿಗೆ ಮೂವತ್ತು ದಿನ ಅಲ್ವೇನಮ್ಮಾ? ನಿಮ್ಮ ಮನೇಲಿ ಇಪ್ಪತ್ತಾರಾ?”

“ನಮ್ಮ ನಿಯಮದಲ್ಲಿ ಇಪ್ಪತ್ತಾರು ಅಂತಲೇ ಇದೆ ಸರ್. ವಾರದ ರಜೆ ಬಿಟ್ಟು ಕೆಲಸದ ದಿನ ಮಾತ್ರ. ಯಾರಾದ್ರೂ ರಜೆ ಹಾಕಿದಾಗ ನಡುವೆ ಬರೋ ಭಾನುವಾರಾನ ನಾವು ರಜೆಯಿಂದ ಕಳೆಯಲ್ಲ. ಮೂವತ್ತರಿಂದ ಭಾಗಿಸಿದ್ರೆ ದರ ಎಂಟುನೂರ ಅರವತ್ತಾರು ಚಿಲ್ಲರೆಗೆ ಇಳಿಯುತ್ತೆ, ನಿಜ. ಆದ್ರೆ ರಜೇನ ಕೆಲಸದ ದಿನದಲ್ಲಿ ಎಣಿಸಿ, ದರಾನ ಕ್ಯಾಲೆಂಡರಿನ ದಿನದಲ್ಲಿ ಹಾಕಿದ್ರೆ, ಅದು...” ಅವಳು ‘ಮೋಸ’ ಎಂಬ ಮಾತನ್ನು ನುಂಗಿಕೊಂಡು “ಅದು ಹೊಂದಲ್ಲ ಸರ್” ಎಂದಳು.

ಮ್ಯಾನೇಜರು ನಕ್ಕರು. ಅವರು ನಕ್ಕಾಗಲೆಲ್ಲ ಅವಳಿಗೆ ತಾನೇನೋ ತಪ್ಪು ಹೇಳಿದೆ ಅನ್ನಿಸುತ್ತಿತ್ತು.

“ಹೋಗಲಿ. ಅವರು ಉಗ್ರಾಣ ಎಲ್ಲಾ ಎರಡು ದಿನದಲ್ಲಿ ಒಪ್ಪಿಸಿಬಿಡ್ತಾರೆ. ಆಮೇಲೆ ಇಲ್ಲಿ ಬಂದು ಏನು ಮಾಡ್ತಾರೆ ಪಾಪ? ಉಳಿದ ಇಪ್ಪತ್ನಾಲ್ಕು ದಿನ ರಜೆ ಹಾಕಿ ಆರಾಮಾಗಿ ಮನೇಲಿರಲಿ.”

ಅವಳ ತಲೆಯಲ್ಲಿ ಲೆಕ್ಕ ತಾನಾಗಿ ಓಡಿತು. ಐವತ್ತಮೂರರಲ್ಲಿ ಇಪ್ಪತ್ನಾಲ್ಕು ಹೋದರೆ ಇಪ್ಪತ್ತೊಂಬತ್ತು. ಇಪ್ಪತ್ತೊಂಬತ್ತು ಸಾವಿರ. ಮಳಿಗೆ ಮೊಬೈಲಿನ ಕವರಿನವನ ಪಾಲು.

“ನೀವೇ ರಜೆ ಅಂತ ಬರೆದುಬಿಡೋಕೆ ಆಗಲ್ವಾ?” ಎಂದರು ಮ್ಯಾನೇಜರು.

“ಇಲ್ಲ ಸರ್. ರಜೇನ ನೌಕರರೇ ಕೇಳಬೇಕು. ಕಂಪನಿ ತಾನಾಗಿ ಮನೇಲಿರು ಅಂದ್ರೆ ಅದು ಹಾಜರಿಗೆ ಸಮ. ರಜೆ ಖಾತೆಯಿಂದ ಕಳೆಯೋ ಹಾಗಿಲ್ಲ.”

“ಅಂದ್ರೆ ಅವರಾಗೇ ಬರೆದುಕೊಡಬೇಕು.”

“ಹೌದು ಸರ್.”

“ಕೊಡ್ತಾರೆ ಬಿಡಿ” ಎಂದು ಮ್ಯಾನೇಜರು ಮತ್ತೆ ನಕ್ಕರು.

ಮರುದಿನದಿಂದ ಕಾರ್ಖಾನೆಯಲ್ಲಿ ಕರುಣೆಯ ಸುರಿಮಳೆ ಶುರುವಾಯಿತು. “ಮಾವಾ, ಕಣ್ಣು ಯಾಕೆ ಕೆಂಪಗಿದೆ? ನಾಲ್ಕು ದಿನ ರೆಸ್ಟ್ ತಗೊಳ್ಳಿ” ಎಂದು ಮ್ಯಾನೇಜರು ಎಲ್ಲರೆದುರು ಬೆನ್ನು ತಟ್ಟಿದರು. ಒಂದು ದಿನ ಹಣ್ಣಿನ ಬುಟ್ಟಿ ಬಂತು. ಬುಟ್ಟಿಯ ಹಿಡಿಕೆಗೆ ಬರೆಯದ ರಜೆ ಅರ್ಜಿಯೊಂದನ್ನು ಪಿನ್ನು ಚುಚ್ಚಿ ಸಿಕ್ಕಿಸಿದ್ದರು. ಮಾವ ಹಣ್ಣು ತಿಂದರು, ಅರ್ಜಿಯ ಹಿಂಬದಿಯಲ್ಲಿ ತಕ್ಕಡಿಯ ಸ್ಪ್ರಿಂಗಿನ ಚಿತ್ರ ಬರೆದರು. ಉಗ್ರಾಣ ಒಪ್ಪಿಸಿದ ಮೇಲೆ ಅವರ ಮೇಜು ಹೊಸಬನಿಗೆ ಹೋಯಿತು. ಮಾವ ವರಾಂಡದ ಬೆಂಚಿನ ಮೇಲೆ ಕುಳಿತರು. ಬೆಂಚು ಬಣ್ಣ ಹಚ್ಚಿಸಿಕೊಳ್ಳಲು ಹೋಯಿತು. ಮಾವ ಮನೆಯಿಂದ ಮಡಿಸುವ ಕುರ್ಚಿಯೊಂದನ್ನು ಹೆಗಲಿಗೆ ಹಾಕಿಕೊಂಡು ಬಂದರು.

“ಮಾವಾ, ನಿಮಗೆ ನಾಚಿಕೆ ಆಗಲ್ವಾ? ಕೆಲಸ ಇಲ್ದೆ ಬಂದು ಕೂತ್ಕೋತೀರಲ್ಲ” ಎಂದು ಟೆಲಿಫೋನಿನವಳು ಕೇಳಿದಳು.

“ನೀನು ಎಷ್ಟು ವರ್ಷದಿಂದ ಹಾಗೇ ಕೂತಿದ್ದೀಯಲ್ಲ ತಾಯಿ, ನಾನೇನಾದ್ರೂ ಕೇಳಿದ್ನಾ?”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಆದರೆ ಬೆನ್ನ ಹಿಂದೆ ಮಾತು ತಿರುಗಿತು. ಮ್ಯಾನೇಜರು ಇಷ್ಟು ಒಳ್ಳೆಯ ಮನಸ್ಸಿನಿಂದ ಹೋಗಿ ಎನ್ನುತ್ತಿದ್ದಾರೆ, ಮುದುಕನಿಗೆ ಕುರ್ಚಿಯ ಆಸೆ ಬಿಡಲಿಲ್ಲ ಎಂದು ಪೇಸ್ಟಿಂಗ್ ವಿಭಾಗದವರು ಆಡಿಕೊಂಡರು. ಹಣ್ಣು ಕಳಿಸುವವರು ಕೆಟ್ಟವರಾಗಿರಲು ಹೇಗೆ ಸಾಧ್ಯ?

ಮಾವ ಒಮ್ಮೆ ಅನುಮಾನಮ್ಮನ ಮೇಜಿನ ಮುಂದೆ ನಿಂತರು. “ಅಮ್ಮಣ್ಣೀ, ಒಂದು ಮಾತು ಹೇಳು. ನನ್ನ ಕ್ಯಾಶುಯಲ್ ರಜೆ, ಸಿಕ್ ರಜೆ ಕೂಡ ಉಳಿದಿದೆಯಲ್ಲ. ಅದಕ್ಕೂ ದುಡ್ಡು ಬರುತ್ತಾ?”

“ಇಲ್ಲ ಮಾವ. ದುಡ್ಡು ಬರೋದು ಗಳಿಕೆ ರಜೆಗೆ ಮಾತ್ರ. ಅದೂ ಅರವತ್ತು ದಿನ ದಾಟಿದ್ರೆ ದಾಟಿದ್ದಕ್ಕೆ ಇಲ್ಲ. ನಿಮ್ಮದು ಒಳಗೇ ಇದೆ.”

“ಮತ್ತೆ ಕ್ಯಾಶುಯಲ್ ರಜೆ ಹಾಕಿ ಮನೇಲಿರಲಾ?”

“ನೋಟೀಸಿನ ತಿಂಗಳಲ್ಲಿ ಅದನ್ನ ಕೊಡಲ್ಲ. ಹಾಕಿದ್ರೆ ಗಳಿಕೆ ರಜೇನೇ.”

“ಹಂಗಾದ್ರೆ ಕುರ್ಚಿಗೆ ಒಂದು ದಿಂಬು ತರ್ತೀನಿ” ಎಂದು ಮಾವ ಹೊರಟುಹೋದರು.

ಆ ಸಂಜೆ ಮನೆಯಲ್ಲಿ ಅವಳು ಗಂಡನಿಗೆ ಇದನ್ನೆಲ್ಲ ಹೇಳಿದಳು. ಮೋಟಾರಿಗೆ ತಂತಿ ಸುತ್ತುವ ಅವನು ಬೆರಳಿಗೆ ಹತ್ತಿದ ವಾರ್ನಿಷನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಳ್ಳುತ್ತ ಕೂತಿದ್ದ.

“ನಿಂಗ್ಯಾಕೆ ಉರಿ? ಅವರವರ ಜಟಾಪಟಿ. ನೀನು ಕೂಡು, ಕಳಿ, ಸಂಬಳ ತಗೊ.”

“ಕೊನೇಗೆ ಎಲ್ಲಾ ನನ್ನ ತಲೆಗೇ ಕಟ್ತಾರೆ. ನೋಡ್ತಿರಿ.”

“ಯಾರು ಕಟ್ತಾರೆ?”

“ಗೊತ್ತಿಲ್ಲ. ಆದ್ರೆ ಕಟ್ತಾರೆ.”

ಒಳಗಿಂದ ಅತ್ತೆಯ ದನಿ ಬಂತು. “ಮಳೆ ಬರೋಕೆ ಮುಂಚೆ ನೆನೆಯೋಳು ಇವಳು.”

ಎರಡನೆಯ ವಾರದ ಮೊದಲ ದಿನ ಮ್ಯಾನೇಜರಿಗೆ ತಮ್ಮ ಮಹಾಸತ್ಯ ನೆನಪಾಯಿತು. ಹಣ್ಣಿಗೆ ಬಗ್ಗದವನು ಬಿರುದಿಗೆ ಬಗ್ಗದಿರುತ್ತಾನೆಯೇ? ಊಟದ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿ, ಮಾವನನ್ನು ಮುಂದೆ ನಿಲ್ಲಿಸಿ ಪತ್ರವೊಂದನ್ನು ಗಟ್ಟಿಯಾಗಿ ಓದಿದರು. ಇಂದಿನಿಂದ ಮಾವ ‘ಹಿರಿಯ ಸಲಹೆಗಾರ’. ಆ ದರ್ಜೆಯ ಸಕಲ ಗೌರವ, ಸೌಲಭ್ಯಗಳೂ ಅವರಿಗೆ ಸಲ್ಲತಕ್ಕದ್ದು. ಸಕಲ ಎಂಬ ಪದವನ್ನು ಮ್ಯಾನೇಜರು ಬಾಯಿ ತುಂಬ ಹೇಳಿದರು. ಚಪ್ಪಾಳೆ ಬಿತ್ತು. ಆಮೇಲೆ ಮಾವನ ಕಿವಿಯ ಹತ್ತಿರ ಬಾಗಿ, “ಸಲಹೆಗಾರರು ಹೀಗೆ ದಿನಾ ಬಂದು ಕೂತ್ಕೊಳ್ಳೋದು ಘನತೆಗೆ ಒಪ್ಪಲ್ಲ ಮಾವಾ. ಒಂದು ರಜೆ ಅರ್ಜಿ ಬರೆದಿಟ್ಟು ಮನೇಲಿರಿ. ಏನಾದ್ರೂ ಬೇಕಾದ್ರೆ ನಾವೇ ಫೋನ್ ಮಾಡ್ತೀವಿ” ಎಂದರು.

ಪತ್ರದ ಒಂದು ಪ್ರತಿ ಅನುಮಾನಮ್ಮನಿಗೆ ಬಂತು. ಹುದ್ದೆ ಬದಲಾದರೆ ಕಂಪ್ಯೂಟರಿನಲ್ಲಿ ಬದಲಿಸುವುದು ಅವಳ ಕೆಲಸ. ಮ್ಯಾನೇಜರು ಕೊಡುವ ಬಿರುದುಗಳು ಸಾಮಾನ್ಯವಾಗಿ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಹಳೆಯ ದರ್ಜೆಯಲ್ಲೇ ಹೆಸರನ್ನು ಮಾತ್ರ ತಿದ್ದುತ್ತಿದ್ದಳು. ಈ ಸಲ ‘ಹಿರಿಯ’ ಎಂದು ಟೈಪು ಮಾಡುವಷ್ಟರಲ್ಲಿ ‘ಹಿರಿಯ ಸಲಹೆಗಾರ’ ತಾನಾಗಿ ಎದುರಿಗೆ ಬಂದು ನಿಂತಿತು.

ಆ ದರ್ಜೆ ನಿಜವಾಗಿಯೂ ಇತ್ತು. ಹಿಂದೊಮ್ಮೆ ಮಾಲೀಕರು ತಮ್ಮ ಷಡ್ಡಕರಿಗೆಂದು ಹುಟ್ಟಿಸಿದ ಹುದ್ದೆ ಅದು. ಷಡ್ಡಕರು ಒಂದು ಮಳೆಗಾಲ ಪೂರ್ತಿ ಸಲಹೆ ಕೊಟ್ಟರು. ಅಷ್ಟರಲ್ಲಿ ಎರಡು ಯಂತ್ರ ಮಾರಬೇಕಾಗಿ ಬಂತು. ಷಡ್ಡಕರು ಹೋದರು, ದರ್ಜೆ ಉಳಿಯಿತು. ಅದರ ಕನಿಷ್ಠ ಮೂಲ ವೇತನ ಮೂವತ್ತಾರು ಸಾವಿರದ ನಾನೂರು. ಕಂಪ್ಯೂಟರು ಕೇಳುತ್ತಿತ್ತು: ಇವತ್ತಿನಿಂದ ಜಾರಿಗೆ ತರಲೇ?

ಅವಳು ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು, ಬಿಸಿ ತಗುಲಿದವಳಂತೆ. ಮೂವತ್ತಾರು ಸಾವಿರದ ನಾನೂರನ್ನು ಇಪ್ಪತ್ತಾರರಿಂದ ಭಾಗಿಸಿದರೆ ದಿನಕ್ಕೆ ಸಾವಿರದ ನಾನೂರು. ರಜೆಯನ್ನು ಎಂದು ಗಳಿಸಿದ್ದಾದರೂ ಸರಿ, ದುಡ್ಡು ಕೊಡುವುದು ಕೊನೆಯ ದಿನದ ವೇತನದ ದರದಲ್ಲಿ. ಇನ್ನೂರು ಪಗಾರ ಇದ್ದ ಕಾಲದ ರಜೆಯಾದರೂ ಅದಕ್ಕೂ ಇದೇ ದರ. ಐವತ್ತನಾಲ್ಕು ದಿನಕ್ಕೂ ಸಾವಿರದ ನಾನೂರು.

ಪತ್ರವನ್ನು ಕೈಯಲ್ಲಿ ಹಿಡಿದು ಮ್ಯಾನೇಜರ ಕೋಣೆಗೆ ಹೋದಳು.

“ಸರ್, ಈ ಸಲಹೆಗಾರ ದರ್ಜೆ...”

“ಚೆನ್ನಾಗಿದೆ ಅಲ್ವಾ? ನಾನೇ ಬರೆದದ್ದು.”

“ಅದಲ್ಲ ಸರ್, ಇದಕ್ಕೆ ಬೇರೆ ವೇತನ...”

“ಅನುಮಾನಮ್ಮಾ!” ಅವರು ಎರಡೂ ಕೈ ಎತ್ತಿದರು. “ನಿಮ್ಮ ಅನುಮಾನ ಎಲ್ಲಾ ಒಂದು ಡಬ್ಬಿಗೆ ಹಾಕಿ ಮುಚ್ಚಳ ಹಾಕಿಡಿ. ಪತ್ರದಲ್ಲಿ ಇದ್ದ ಹಾಗೆ ಎಂಟ್ರಿ ಮಾಡಿ.”

“ಎಂಟ್ರಿ ಮಾಡಿದ್ರೆ ಸಂಬಳ ಏರುತ್ತೆ ಸರ್.”

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತ್ತು. ಅವರು ಫೋನಿನಲ್ಲಿದ್ದವರಿಗೆ ನಗುತ್ತ, ಅವಳಿಗೆ ಬಾಗಿಲು ತೋರಿಸಿದರು. ಮಧ್ಯಾಹ್ನ ಅವಳು ಇದನ್ನೇ ಬರೆದು ಮೇಲ್ ಮಾಡಿದಳು: ದರ್ಜೆ ಇಂಥದ್ದು, ಮೂಲ ವೇತನ ಇಷ್ಟಾಗುತ್ತದೆ, ದಯವಿಟ್ಟು ತಿಳಿಸಿ. ಮೇಲೆತ್ತಿದ ಹೆಬ್ಬೆಟ್ಟಿನ ಚಿತ್ರವೊಂದು ಉತ್ತರವಾಗಿ ಬಂತು. ಒಪ್ಪಿಗೆಯೋ, ‘ಸಾಕು ಸುಮ್ಮನಿರು’ ಎಂದೋ? ಸಂಜೆ ಲಿಫ್ಟಿನ ಬಾಗಿಲಲ್ಲಿ ಮತ್ತೆ ಕೇಳಿದಳು. “ಓದಿದ್ರಾ ಸರ್?” “ಓದಿದೆ, ಓದಿದೆ, ಮಾಡಿ” ಎಂದ ಮ್ಯಾನೇಜರು ಬಾಗಿಲು ಮುಚ್ಚಿಕೊಂಡು ಮಾಯವಾದರು. ಓದಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮ್ಯಾನೇಜರು ಓದಿದ್ದೇನೆ ಎಂದ ಮೇಲೆ ಓದಿಲ್ಲ ಎನ್ನಲು ಸಂಬಳದ ಗುಮಾಸ್ತಳಿಗೆ ಯಾವ ಅಧಿಕಾರ? ಅವಳು ಕಣ್ಣುಮುಚ್ಚಿ ಗುಂಡಿ ಒತ್ತಿದಳು. ಆಮೇಲೆ ಕಣ್ಣು ತೆರೆದು, ಸರಿಯಾದ ಗುಂಡಿಯನ್ನೇ ಒತ್ತಿದೆನೇ ಎಂದು ನೋಡಿದಳು.

ಇತ್ತ ಬಿರುದು ಮಾವನ ತಲೆಗೆ ಏರಿತು. ಆದರೆ ಏರಬೇಕಾದ ದಿಕ್ಕಿನಲ್ಲಿ ಏರಲಿಲ್ಲ.

“ಸಲಹೆಗಾರ ಅಂದ್ಮೇಲೆ ಸಲಹೆ ಕೊಡಬೇಡವಾ? ಮನೇಲಿ ಕೂತು ಯಾರಿಗೆ ಕೊಡ್ಲಿ, ನಿಮ್ಮತ್ತೆಗಾ? ಅವಳೇ ನನಗೆ ಕೊಡ್ತಾಳೆ” ಎಂದು ಅವರು ಮರುದಿನ ಬೆಳಗ್ಗೆ ಮಡಿಸುವ ಕುರ್ಚಿಯನ್ನು ಮ್ಯಾನೇಜರ ಕೋಣೆಯೊಳಗೇ ಬಿಚ್ಚಿ ಹಾಕಿದರು. ಇಡೀ ಕಾರ್ಖಾನೆಯ ಎದುರು ಚಪ್ಪಾಳೆ ಹೊಡೆಸಿ ಸಲಹೆಗಾರನನ್ನಾಗಿ ಮಾಡಿದವನನ್ನು ಹೊರಗೆ ಹೋಗು ಎನ್ನುವುದು ಹೇಗೆ? ಮಾವ ಸಲಹೆ ಶುರುಮಾಡಿದರು. ಅಂಟನ್ನು ಎಲ್ಲಿಂದ ಕೊಳ್ಳಬೇಕು, ಕಿಟಕಿಯ ಪರದೆ ಯಾವ ಬಣ್ಣದ್ದಿರಬೇಕು, ಮ್ಯಾನೇಜರು ಊಟಕ್ಕೆ ಮೊದಲು ಚಹಾ ಕುಡಿಯುವುದು ಪಿತ್ತಕ್ಕೆ ಹೇಗೆ ದಾರಿ, ಫೋನಿನಲ್ಲಿ ಅವರು ಗಿರಾಕಿಗಳಿಗೆ ಹೇಳುವ ಸುಳ್ಳನ್ನು ಇನ್ನೂ ನಂಬುವಂತೆ ಹೇಳುವುದು ಹೇಗೆ. ಕೊನೆಯದು ನಿಜಕ್ಕೂ ಒಳ್ಳೆಯ ಸಲಹೆಯಾಗಿತ್ತು. ಅದರಿಂದಲೇ ಮ್ಯಾನೇಜರಿಗೆ ಹೆಚ್ಚು ಸಿಟ್ಟು ಬಂತು.

ಮೂರನೆಯ ವಾರದಲ್ಲಿ ಮ್ಯಾನೇಜರು ತಲೆನೋವೆಂದು ಎರಡು ದಿನ ಬರಲಿಲ್ಲ. ಅವರೇ ಕಳಿಸಿದ ಅರ್ಜಿಯಂತೆ ಅನುಮಾನಮ್ಮ ಅವರ ಖಾತೆಯಿಂದ ಎರಡು ದಿನ ಗಳಿಕೆ ರಜೆ ಕಳೆದಳು. ಆ ಎರಡು ದಿನವೂ ಮಾವ ಕೋಣೆಯಲ್ಲಿ ಒಬ್ಬರೇ ಕುಳಿತು ಹೊರಗೆ ಹೋಗುವವರಿಗೂ ಬರುವವರಿಗೂ ಸಲಹೆ ಕೊಟ್ಟರು.

ಅದಾಗಲೇ ಮ್ಯಾನೇಜರು ಇನ್ನೊಂದು ಕೆಲಸ ಮಾಡಿಕೊಂಡಿದ್ದರು. ತಿಂಗಳ ವರದಿಯಲ್ಲಿ ಹೇಳಿಕೊಳ್ಳಲು ಬೇರೆ ಸಾಧನೆ ಇರಲಿಲ್ಲವಾದ್ದರಿಂದ, ‘ಹಳೆಯ ನೌಕರರ ಅನುಭವ ಹೊರಗೆ ಹರಿದುಹೋಗದಂತೆ ತಡೆದು ಅವರನ್ನು ಹಿರಿಯ ಸಲಹೆಗಾರರನ್ನಾಗಿ ನೇಮಿಸಿದ್ದೇನೆ’ ಎಂದು ಮಾಲೀಕರಿಗೆ ಬರೆದಿದ್ದರು. ಮಾಲೀಕರಿಗೆ ಕಣ್ಣು ತುಂಬಿ ಬಂತಂತೆ. ಷಡ್ಡಕರ ದೆಸೆಯಿಂದ ಕೆಟ್ಟಿದ್ದ ಹುದ್ದೆಯ ಹೆಸರು ಈಗ ಶುದ್ಧವಾಯಿತು ಎಂದು ಅವರ ಹೆಂಡತಿಯೂ ಸಂತೋಷಪಟ್ಟರಂತೆ. ಉಳಿದ ಕಾರ್ಖಾನೆಗಳ ಮ್ಯಾನೇಜರುಗಳೂ ಇವರನ್ನು ನೋಡಿ ಕಲಿಯಲಿ ಎಂಬ ಪ್ರಶಂಸೆ ಎಲ್ಲ ಕಡೆ ಹೋಯಿತು. ಮ್ಯಾನೇಜರು ಅದನ್ನು ಚೌಕಟ್ಟು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದರು. ಮಾವನ ಸಲಹೆಯಂತೆ, ಸ್ವಲ್ಪ ಎಡಕ್ಕೆ.

ಕೊನೆಯ ದಿನಕ್ಕೆ ಎರಡು ದಿನ ಮೊದಲು ಅನುಮಾನಮ್ಮ ಅಂತಿಮ ಲೆಕ್ಕ ತಯಾರಿಸಿ ಮ್ಯಾನೇಜರ ಮುಂದಿಟ್ಟಳು. ಅಂದು ಮಾವ ಮಳಿಗೆಯ ಮಾಲೀಕನನ್ನು ಕಾಣಲು ಊಟದ ವಿರಾಮದಲ್ಲಿ ಹೊರಗೆ ಹೋಗಿದ್ದರು. ಮ್ಯಾನೇಜರು ಕೆಳಗಿನ ಮೊತ್ತವನ್ನೇ ಮೊದಲು ನೋಡಿದರು. ಮುಖದಲ್ಲಿದ್ದ ನಗು ಇದ್ದಲ್ಲೇ ಇತ್ತು, ಆದರೆ ಒಳಗಿದ್ದವರು ಮನೆ ಖಾಲಿ ಮಾಡಿದಂತೆ ಕಂಡಿತು.

“ರಜೆ ಬಾಬ್ತು ಎಪ್ಪತ್ತೈದು ಸಾವಿರದ ಆರುನೂರು? ಐವತ್ತನಾಲ್ಕು ಅಂದಿದ್ರಲ್ಲ?”

“ದಿನ ಐವತ್ತನಾಲ್ಕೇ ಸರ್. ದರ ಏರಿದೆ. ಸಲಹೆಗಾರ ದರ್ಜೆಯ ಮೂಲ ವೇತನ...”

“ಯಾರು ಏರಿಸಿದ್ದು?”

ಅವಳು ಪತ್ರದ ಪ್ರತಿಯನ್ನು ಮುಂದಕ್ಕೆ ಸರಿಸಿದಳು. “ಪತ್ರ ಸರ್. ‘ಸಕಲ ಸೌಲಭ್ಯ’ ಅಂತ ಇದೆ. ನಾನು ಬಂದು ಹೇಳಿದ್ದೆ. ಮೇಲ್ ಕೂಡ...”

“ನನಗೆ ದಿನಕ್ಕೆ ನೂರು ಮೇಲ್ ಬರುತ್ತೆ! ಸರಿಯಾಗಿ ಹೇಳಬೇಕು ತಾನೇ? ಲಿಫ್ಟ್ ಹತ್ರ ನಿಂತು ಗೊಣಗಿದ್ರೆ ಹೇಳಿದ ಹಾಗಾಯ್ತಾ?”

ಇದೇ ತಲೆಗೆ ಕಟ್ಟುವುದು, ಎಂದುಕೊಂಡಳು ಅವಳು. ಗಟ್ಟಿಯಾಗಿ ಹೇಳಬೇಕಿತ್ತೇ? ಬಾಗಿಲಿಗೆ ಅಡ್ಡ ನಿಲ್ಲಬೇಕಿತ್ತೇ? ಇದ್ದರೂ ಇರಬಹುದು.

ಮ್ಯಾನೇಜರು ಎದ್ದು ಓಡಾಡಿದರು. ಇಪ್ಪತ್ತೈದು ಸಾವಿರ ಉಳಿಸಲು ಹೊರಟವರು ಇಪ್ಪತ್ತೊಂದು ಸಾವಿರದ ಆರುನೂರು ಹೆಚ್ಚಿಗೆ ಕಳೆದುಕೊಂಡಿದ್ದರು. ಹಣ್ಣಿನ ಬುಟ್ಟಿ ಬೇರೆ. “ಒಂದು ಕೆಲಸ ಮಾಡಿ. ಅವರು ಈ ತಿಂಗಳು ಏನು ಕಡಿದು ಕಟ್ಟೆ ಹಾಕಿದ್ದಾರೆ? ಆ ದಿನ ಎಲ್ಲಾ ರಜೆ ಅಂತ ಹಾಕಿಬಿಡಿ.”

“ದಿನಾ ಬೆರಳೊತ್ತಿ ಹಾಜರಿ ಹಾಕಿದ್ದಾರೆ ಸರ್. ಬಂದು ಕೂತದ್ದನ್ನ ಎಲ್ಲರೂ ನೋಡಿದ್ದಾರೆ. ನಿಮ್ಮ ಕೋಣೆಯಲ್ಲೇ ಕೂತಿದ್ರು.”

“ಹಾಗಾದ್ರೆ ಹಳೇ ದರ ಹಾಕಿ. ಸಲಹೆಗಾರ ಪತ್ರ ರದ್ದು.”

“ಆಗಲಿ ಸರ್. ರದ್ದತಿ ಪತ್ರ ಕೊಡಿ. ದರ್ಜೆ ಇಳಿಸೋದಾದ್ರೆ ಕಾರಣ ಬರೆದು ಮಾಲೀಕರ ಸಹಿ ತಗೋಬೇಕು, ಹಾಗೆ ನಿಯಮ ಇದೆ.” ಅವಳು ಇದನ್ನು ಕೆಣಕಲು ಹೇಳಲಿಲ್ಲ, ಹೆದರಿಕೆಗೇ ಹೇಳಿದ್ದು. ನಿಯಮವೊಂದೇ ಅವಳಿಗಿದ್ದ ಕೊಡೆ.

ಮ್ಯಾನೇಜರು ಕಾಗದ ತೆಗೆದು ಬರೆಯಲು ಕುಳಿತರು. ‘ಸದರಿ ಸಲಹೆಗಾರರ ಅನುಭವ ಅಗತ್ಯವಿಲ್ಲವೆಂದು ಕಂಡುಬಂದಿದ್ದರಿಂದ’ ಎಂದು ಬರೆದು, ಹಿಂದೆ ತಿರುಗಿ ಚೌಕಟ್ಟಿನ ಪ್ರಶಂಸೆಯನ್ನು ನೋಡಿ, ಹರಿದರು. ‘ಸಂಬಳದ ವಿಭಾಗದ ಕಣ್ತಪ್ಪಿನಿಂದ’ ಎಂದು ಇನ್ನೊಂದು ಶುರುಮಾಡಿದರು. ಅವಳು ಮೇಜಿನಾಚೆಯಿಂದ ತಲೆಕೆಳಗಾದ ಅಕ್ಷರಗಳನ್ನು ಓದಿ ಬೆವತಳು. ಕಣ್ತಪ್ಪಿನಿಂದ ಒಬ್ಬ ಸಲಹೆಗಾರ ಹುಟ್ಟಿದ ಎಂದರೆ, ಅನುಭವವನ್ನು ತಡೆದು ನಿಲ್ಲಿಸಿದ ಮ್ಯಾನೇಜರು ಯಾರು ಹಾಗಾದರೆ? ಅದೂ ಹರಿಯಿತು. ಕಸದ ಬುಟ್ಟಿ ಅರ್ಧ ತುಂಬಿದ ಮೇಲೆ ಅವರು ಲೆಕ್ಕದ ಹಾಳೆಯನ್ನು ಎಳೆದುಕೊಂಡು, ಪೆನ್ನಿನ ಮೊನೆ ಮುರಿಯುವ ಹಾಗೆ ಸಹಿ ಹಾಕಿದರು.

“ತಗೊಂಡು ಹೋಗಿ. ಈ ಮನುಷ್ಯ ನಾಡಿದ್ದು ಸಂಜೆ ಇಲ್ಲಿಂದ ಹೋಗಬೇಕು. ಕುರ್ಚಿ ಸಮೇತ.”

ಕೊನೆಯ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಅನುಮಾನಮ್ಮ ಹಾಳೆಯನ್ನು ಅವರ ಕಡೆ ತಿರುಗಿಸಿ ಒಂದೊಂದೇ ಸಾಲು ತೋರಿಸಿದಳು. ಮೂಲ ವೇತನ, ದಿನದ ದರ, ಉಳಿದ ದಿನ, ಗುಣಿಸಿದರೆ ಬರುವ ಮೊತ್ತ. ಮಾವ ಕನ್ನಡಕ ಹಾಕಿಕೊಂಡು ತಂತಿಯ ಸುರುಳಿ ತೂಗುವವರಂತೆ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಅವರ ಕಣ್ಣಲ್ಲಿ ನೀರು ಬರುತ್ತದೇನೋ ಎಂದು ಅವಳು ಕಾದಳು. ಮುಂಗಡ ಕೊಟ್ಟು ಮಿಕ್ಕಿದ್ದರಲ್ಲಿ ಅಂಗಡಿಗೆ ಬೋರ್ಡು ಬರೆಸಬಹುದು. ನೀರು ಬರಲಿಲ್ಲ.

“ಐವತ್ತಮೂರು ಇತ್ತು. ಒಂದು ಸೇರಿಸಿದ್ದೀಯ.”

“ಹೌದು ಮಾವ. ದುಡಿದ ಇಪ್ಪತ್ತು ದಿನಕ್ಕೆ ಒಂದು ದಿನ ಗಳಿಕೆ.”

“ನಾನು ಬಂದದ್ದು ಇಪ್ಪತ್ತಾರು ದಿನ. ಮೇಲಿನ ಆರು ದಿನ ಎಲ್ಲಿ ಹೋಯ್ತು?”

“ಆರು ದಿನಕ್ಕೆ ಅರ್ಧ ರಜೆ ಕೂಡ ಆಗಲ್ಲ. ಹತ್ತು ದಿನ ಆಗಿದ್ರೆ ಅರ್ಧ. ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ರೆ ಪೂರ್ತಿ ಒಂದು ದಿನ ಅಂತ ಹಿಡಿತೀವಿ. ಕಡಿಮೆ ಇದ್ದದ್ದು ಬಿಟ್ಟುಹೋಗುತ್ತೆ.”

“ಬಿಟ್ಟುಹೋಗುತ್ತೆ ಅಂದ್ರೆ? ನಾನು ಬಿಟ್ಟಿದ್ನಾ? ಬೆಂಚು ಕಿತ್ಕೊಂಡಾಗಲೂ ಬಂದೆ. ಆ ಮನುಷ್ಯನ ಮುಖ ನೋಡ್ಕೊಂಡು ಕೂತೆ. ಆರು ದಿನ ಅಂದ್ರೆ ಸುಮ್ನೇನಾ?” ಮಾವನ ದನಿ ಏರಿತು. “ಜೀವನಪೂರ್ತಿ ತೂಕದಲ್ಲಿ ಒಂದು ಗುಲಗಂಜಿ ಬಿಟ್ಟವನಲ್ಲ ನಾನು. ಕಂಪನಿ ನನ್ನ ಕೊನೇ ದಿನ ತೂಕ ಹೊಡೀತಿದೆ!”

ಗಲಾಟೆ ಕೇಳಿ ಕಟಿಂಗ್ ವಿಭಾಗದ ನಾಲ್ಕು ಜನ ಬಾಗಿಲಿಗೆ ಬಂದರು. ಟೆಲಿಫೋನಿನವಳು ಫೋನನ್ನು ಬಡಿದುಕೊಳ್ಳಲು ಬಿಟ್ಟು ಓಡಿಬಂದಳು. ಹಿಂದಿನಿಂದ ಮ್ಯಾನೇಜರೂ ಬಂದರು. ಸಂಗತಿ ಏನೆಂದು ತಿಳಿದಾಗ ಅವರ ಮುಖದಲ್ಲಿ ಹಳೆಯ ನಗು ಬಂದು ತನ್ನ ಜಾಗದಲ್ಲಿ ಕುಳಿತಿತು. ಸಾವಿರದ ನಾನೂರಕ್ಕೆ ಮಾವ ಬಾಗಿಲು ದಾಟುವುದಾದರೆ ಅಗ್ಗವೇ ಅಗ್ಗ. ಜೊತೆಗೆ ಇಷ್ಟೊಂದು ಜನ ನೋಡುತ್ತಿದ್ದಾರೆ.

“ಅಯ್ಯೋ, ಕೊಟ್ಟುಬಿಡಿ ಅಮ್ಮಾ! ಹಿರಿಯರು. ಒಂದು ದಿನ ಅಲ್ವಾ? ನನ್ನ ಕಡೆಯಿಂದ ಏನೂ ಅಡ್ಡಿಯಿಲ್ಲ” ಎಂದು ಎರಡೂ ಕೈ ಅಗಲಿಸಿದರು.

ಎಲ್ಲರೂ ಅವಳತ್ತ ತಿರುಗಿದರು. ಅವಳು ಹಾಳೆಯನ್ನು ನೋಡಿದಳು. ಇಪ್ಪತ್ತಾರರಲ್ಲಿ ಇಪ್ಪತ್ತು ಹೋದರೆ ಆರು. ಆರು ಹತ್ತಕ್ಕಿಂತ ಕಡಿಮೆ. ಮತ್ತೊಮ್ಮೆ ಕಳೆದಳು. ಆಗಲೂ ಆರೇ. ತಾನು ತಪ್ಪಿರಬಹುದೇ ಎಂದು ಒಳಗೆಲ್ಲ ಹುಡುಕಿದಳು. ವಿಚಿತ್ರವೆಂದರೆ, ಅನುಮಾನ ಎಲ್ಲಿಯೂ ಸಿಗಲಿಲ್ಲ.

“ಆಗಲ್ಲ ಸರ್” ಎಂದಳು. “ಲೆಕ್ಕದಲ್ಲಿ ಐವತ್ತನಾಲ್ಕೇ ಬರೋದು.”

“ನಾನೇ ಹೇಳ್ತಿದ್ದೀನಲ್ಲ?”

“ನಿಯಮ ಬೇರೆ ಹೇಳುತ್ತೆ ಸರ್. ನಿಮ್ಮ ಜೇಬಿಂದ ಕೊಡೋದಾದ್ರೆ ಕೊಡಿ, ಅದು ನನ್ನ ಲೆಕ್ಕಕ್ಕೆ ಬರಲ್ಲ.”

ಮ್ಯಾನೇಜರ ಅಗಲಿಸಿದ ಕೈಗಳು ನಿಧಾನವಾಗಿ ಮಡಚಿಕೊಂಡು ಬೆನ್ನ ಹಿಂದೆ ಹೋದವು. ಮಾವ ಗೊಣಗುತ್ತ ಸಹಿ ಹಾಕಿ, ಚೆಕ್ಕನ್ನು ಎರಡು ಮಡಿಕೆ ಮಾಡಿ ಒಳಜೇಬಿಗೆ ಇಳಿಸಿದರು. ಆಮೇಲೆ, ಇಡೀ ತಿಂಗಳಲ್ಲಿ ಮೊದಲ ಸಲ, ಅವರೂ ಮ್ಯಾನೇಜರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೆ ತಲೆಯಾಡಿಸಿದರು. ಮಡಿಸುವ ಕುರ್ಚಿಯನ್ನು ಗೇಟಿನವರೆಗೆ ಮ್ಯಾನೇಜರೇ ಹೊತ್ತುಕೊಂಡು ಹೋದರು.

ಸಂಜೆಯೊಳಗೆ ಸುದ್ದಿ ಒಂದು ಸುತ್ತು ಹೊಡೆದು ಅವಳ ಕಿವಿಗೂ ಬಂತು. ಕೈ ತೊಳೆಯುವಲ್ಲಿ ಪೇಸ್ಟಿಂಗ್ ವಿಭಾಗದ ಹೆಂಗಸೊಬ್ಬಳು ಅವಳು ಹಿಂದೆ ನಿಂತಿದ್ದನ್ನು ಕಾಣದೆ ಹೇಳುತ್ತಿದ್ದಳು: “ಮ್ಯಾನೇಜರು ಪಾಪ, ಎಷ್ಟು ದೊಡ್ಡ ಮನಸ್ಸು. ಕೊಡಿ ಕೊಡಿ ಅಂದ್ರಂತೆ. ಈ ಅನುಮಾನಮ್ಮ ಇದ್ದಾಳಲ್ಲ, ಮುದುಕನ ಒಂದು ದಿನದ ದುಡ್ಡು ತಿಂದುಬಿಟ್ಟಳಂತೆ ಕಣೇ.”

ಅನುಮಾನಮ್ಮ ಕೈ ತೊಳೆದು, ನಲ್ಲಿ ನಿಲ್ಲಿಸಿ, ಹೊರಟಳು. ಬಾಗಿಲ ತನಕ ಹೋದವಳು ಹಿಂದಿರುಗಿ ಬಂದು, ನಲ್ಲಿ ಸರಿಯಾಗಿ ನಿಂತಿದೆಯೇ ಎಂದು ಇನ್ನೊಮ್ಮೆ ತಿರುವಿ ನೋಡಿದಳು. ಆ ಹೆಂಗಸು ನಾಲಿಗೆ ಕಚ್ಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದಳು.

“ಆರು ದಿನ” ಎಂದಳು ಅನುಮಾನಮ್ಮ ಅವಳಿಗೆ. “ಹತ್ತಾದ್ರೂ ಆಗಿದ್ರೆ ಕೊಡ್ತಿದ್ದೆ.”